ದಾದೋಜಿಯ ಮರಣಶಯ್ಯೆ

ಠಾಣೆಯ ಪಶ್ಚಿಮ ಭಾಗದಲ್ಲಿ ದಾದೋಜಿ ಕೊಂಡದೇವ ಕ್ರೀಡಾಂಗಣವಿದೆ. ರೈಲುಹಳಿಯ ಈಚೆಗೆ, ಕೋಪರಿಯ ಕಡೆಗಿರುವ ನಮ್ಮಂಥ ಕನ್ನಡಿಗರು ದಾರಿ ಹೇಳುವಾಗ ಆ ಹೆಸರನ್ನು ಎಷ್ಟೋ ಬಾರಿ ಬಳಸಿದ್ದೇವೆ. ಆ ಮನುಷ್ಯ ಯಾರೆಂದು ನಿಂತು ಯೋಚಿಸಿದ್ದು ಕಡಿಮೆ. ಕರ್ನಾಟಕದ ಶಾಲೆಗಳಲ್ಲಿ ಓದಿ ಬಂದವರಿಗೆ ಒಂದು ಪಾಠ ಮಸುಕಾಗಿ ನೆನಪಿರುತ್ತದೆ. ತಾಯಿ ಜೀಜಾಬಾಯಿ ಕಥೆ ಹೇಳಿದಳು, ಗುರು ದಾದಾಜಿ ಕೊಂಡದೇವ ಕತ್ತಿವರಸೆ ಕಲಿಸಿದ, ಆಮೇಲೆ ಗುರು ತೀರಿಕೊಂಡ, ಶಿಷ್ಯ ಕೋಟೆಗಳನ್ನು ಗೆಲ್ಲತೊಡಗಿದ. ಪಾಠದಲ್ಲಿ ಗುರುವಿನ ಸಾವು ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಕಥೆ ಅಲ್ಲಿಂದಲೇ ಓಡಲು ಆರಂಭಿಸುವುದರಿಂದ ಆ ಅರ್ಧ ವಾಕ್ಯವನ್ನು ಯಾರೂ ಪ್ರಶ್ನಿಸುವುದಿಲ್ಲ.

ವೀರರ ಕಥೆಗಳಲ್ಲಿ ಬುದ್ಧಿ ಹೇಳುವ ಹಿರಿಯ ಇಷ್ಟು ಸಲ ಸಾಯುವುದೇಕೆ? ಶಿಷ್ಯ ತನ್ನ ಕಾಲಿನ ಮೇಲೆ ನಿಲ್ಲಲಿ ಎಂಬುದಕ್ಕಾಗಿ ಎನ್ನುವುದು ಸಾಮಾನ್ಯವಾದ ಉತ್ತರ. ಅದು ಸುಳ್ಳಲ್ಲ, ಆದರೆ ಸಾಲದು. ದಾದೋಜಿಯ ಸಾವು ನಿಜವಾಗಿ ನಡೆದದ್ದು. ಅದಕ್ಕೆ ಒಂದು ವರ್ಷವಿದೆ, 1647. ಅದರ ಹಿಂದೆಮುಂದೆ ಕಾಗದಪತ್ರಗಳಿವೆ. ಅದೇ ಸಾವಿನ ಸುತ್ತ ನೂರಿಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಕಥೆ ಬೆಳೆದಿದೆ. ನಡೆದುದನ್ನೂ ಹೇಳಿದುದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಲು ಇಂಥ ಅವಕಾಶ ಪುರಾಣದಲ್ಲಿ ಸಿಗುವುದಿಲ್ಲ. (ಇತಿಹಾಸ ಬರೆಯುವಾಗ ಕನ್ನಡದ ರೂಢಿಯಂತೆ ಇಲ್ಲಿ ಏಕವಚನವನ್ನೇ ಬಳಸುತ್ತಿದ್ದೇವೆ. ಮಹಾರಾಷ್ಟ್ರದಲ್ಲಿ ನೆಲೆಸಿರುವ ಓದುಗರು ಇದನ್ನು ಅಗೌರವವೆಂದು ತಿಳಿಯಬಾರದು.)

ಮೊದಲು ದಾದೋಜಿ ಯಾರ ಮನುಷ್ಯ ಎಂಬುದನ್ನು ನೋಡಬೇಕು. ಅವನು ಶಿವಾಜಿಯ ಮನುಷ್ಯನಲ್ಲ, ಶಿವಾಜಿಯ ತಂದೆ ಶಹಾಜಿಯ ಮನುಷ್ಯ. 1636ರಲ್ಲಿ ನಿಜಾಮಶಾಹಿ ಮುಗಿದ ಮೇಲೆ ಶಹಾಜಿ ಬಿಜಾಪುರದ ಆದಿಲಶಾಹಿಯ ಸೇವೆಗೆ ಸೇರಿದ. ಬಿಜಾಪುರ ಅವನನ್ನು ದಕ್ಷಿಣಕ್ಕೆ ಕಳುಹಿಸಿತು. 1638ರಲ್ಲಿ ರಣದುಲ್ಲಾಖಾನನ ದಂಡಿನೊಡನೆ ಅವನು ಕೆಂಪೇಗೌಡನ ವಂಶದವರಿಂದ ಬೆಂಗಳೂರನ್ನು ವಶಪಡಿಸಿಕೊಂಡ ಮೇಲೆ ಆ ಊರೇ ಅವನ ಜಹಗೀರಾಯಿತು, ನೆಲೆಯೂ ಆಯಿತು. ದೂರದ ಪುಣೆ ಮತ್ತು ಸುಪೆಯ ಜಹಗೀರನ್ನು ನೋಡಿಕೊಳ್ಳಲು ಒಬ್ಬ ನಂಬಿಕಸ್ಥ ಬೇಕಿತ್ತು. ಆ ಕೆಲಸ ದಾದೋಜಿಗೆ ಬಂತು. ಜೀಜಾಬಾಯಿಯೂ ಹುಡುಗ ಶಿವಾಜಿಯೂ ಅವನ ನಿಗಾದಲ್ಲಿ ಪುಣೆಯಲ್ಲಿ ಉಳಿದರು. ನಡುವೆ ಒಮ್ಮೆ ತಾಯಿ ಮಗ ಇಬ್ಬರೂ ಬೆಂಗಳೂರಿಗೆ ಹೋಗಿ ಸುಮಾರು ಎರಡು ವರ್ಷ ಇದ್ದು ಬಂದದ್ದುಂಟು.

ಇಷ್ಟೇ ಆಗಿದ್ದರೆ ಅವನನ್ನು ಮನೆವಾರ್ತೆಯ ಕಾರಭಾರಿ ಎಂದು ಬಿಡಬಹುದಿತ್ತು. ಆದರೆ ಅಂದಿನ ಪತ್ರಗಳಲ್ಲಿ ಅವನ ಹೆಸರಿನೊಂದಿಗೆ ಮತ್ತೊಂದು ಪದವಿ ಕಾಣಿಸುತ್ತದೆ: ಕೋಂಡಾಣಾ ಕೋಟೆಯ ಸುಭೇದಾರ. ಕೋಂಡಾಣಾ ಎಂದರೆ ಇಂದಿನ ಸಿಂಹಗಡ. ಅದು ಶಹಾಜಿಯ ಜಹಗೀರಿನ ಕೋಟೆಯಲ್ಲ, ಆದಿಲಶಾಹಿಯ ಕೋಟೆ. ಅಂದರೆ ಒಂದೇ ಮನುಷ್ಯ ಬೆಂಗಳೂರಿನ ಯಜಮಾನನಿಗೆ ಲೆಕ್ಕ ಒಪ್ಪಿಸುತ್ತಿದ್ದ, ಬಿಜಾಪುರದ ಸುಲ್ತಾನನಿಗೂ ಉತ್ತರ ಹೇಳುತ್ತಿದ್ದ. ಕೈಕೆಳಗೆ ಬೆಳೆಯುತ್ತಿದ್ದ ಹುಡುಗನಾದರೋ ಈ ಇಬ್ಬರನ್ನೂ ಮೀರಿ ಯೋಚಿಸುತ್ತಿದ್ದ. ನಮ್ಮ ಪ್ರಶ್ನೆಯ ಉತ್ತರ ಬಹುಪಾಲು ಈ ಇಕ್ಕಟ್ಟಿನಲ್ಲಿಯೇ ಅಡಗಿದೆ ಎಂದು ನಮ್ಮ ಎಣಿಕೆ.

ಅವನ ಕೆಲಸ ಸಣ್ಣದಲ್ಲ. 1630ರ ಸುಮಾರಿಗೆ ಬಿಜಾಪುರದ ಮುರಾರ ಜಗದೇವ ಪುಣೆಯನ್ನು ಸುಟ್ಟು, ಕತ್ತೆಗಳಿಂದ ನೇಗಿಲು ಹೂಡಿಸಿ, ಇಲ್ಲಿ ಇನ್ನು ಯಾರೂ ನೆಲೆಸಕೂಡದೆಂಬ ಗುರುತಿಗೆ ನೆಲದಲ್ಲಿ ಹಾರೆ ನೆಟ್ಟನೆಂದು ಹೇಳುತ್ತಾರೆ. ಅದೇ ಕಾಲಕ್ಕೆ ದಖ್ಖನಿನ ದೊಡ್ಡ ಬರವೂ ಬಂತು. ದಾದೋಜಿಗೆ ಸಿಕ್ಕಿದ್ದು ತೋಳಗಳು ತಿರುಗುವ ಬೀಳುಭೂಮಿ. ತೋಳ ಕೊಂದು ತಂದವರಿಗೆ ಬಹುಮಾನ ಕೊಟ್ಟು ಮಾವಳದ ಗುಡ್ಡಗಾಡಿನವರನ್ನು ಅವನು ಹತ್ತಿರ ಮಾಡಿಕೊಂಡ. ಹೊಸದಾಗಿ ಉಳುವವನಿಗೆ ಮೊದಲ ವರ್ಷ ಹೆಸರಿಗಷ್ಟೇ ಕಂದಾಯ ಹಾಕಿ, ವರ್ಷದಿಂದ ವರ್ಷಕ್ಕೆ ಏರಿಸುತ್ತ, ಕೆಲವು ವರ್ಷಗಳ ಮೇಲೆ ಪೂರ್ಣ ದರಕ್ಕೆ ತಂದ. ಆ ಪೂರ್ಣ ದರವನ್ನು ಮಲಿಕ್ ಅಂಬರನ ಅಳತೆಯಿಂದ ತೆಗೆದುಕೊಂಡ. ಮಣಿಯದ ದೇಶಮುಖರನ್ನು ಹಿಡಿದು ಶಿಕ್ಷಿಸಿದ. ಈ ಮಾವಳದ ಜನವೇ ಮುಂದೆ ಶಿವಾಜಿಯ ಕಾಲಾಳು ದಂಡಾದರು. ಕತ್ತಿವರಸೆಗಿಂತ ಹೆಚ್ಚಾಗಿ ಹುಡುಗ ಕಲಿತದ್ದು ಇದನ್ನೇ ಇರಬೇಕು: ಊರು ಹೇಗೆ ಹಾಳಾಗುತ್ತದೆ, ಮತ್ತೆ ಹೇಗೆ ತುಂಬುತ್ತದೆ, ಯಾರಿಗೆ ಎಷ್ಟು ಬಿಟ್ಟರೆ ಯಾರು ಜೊತೆಗೆ ನಿಲ್ಲುತ್ತಾರೆ.

ಇನ್ನು ಅವನ ಸಾವಿಗೆ ಬರೋಣ.

ಶಿವಾಜಿಯ ಚರಿತ್ರೆ ಹೇಳುವ ಬಖರುಗಳಲ್ಲಿ ಹಳೆಯದೂ ಹೆಚ್ಚು ನಂಬಿಕೆಗೆ ಅರ್ಹವೂ ಆದದ್ದು ಕೃಷ್ಣಾಜಿ ಅನಂತ ಸಭಾಸದನದು. ಶಿವಾಜಿಯ ಮಗ ರಾಜಾರಾಮ ಜಿಂಜಿಯ ಕೋಟೆಯಲ್ಲಿ ಮೊಗಲರ ಮುತ್ತಿಗೆಗೆ ಸಿಕ್ಕಿದ್ದಾಗ, ತಂದೆಯ ಕಥೆ ಬರೆದುಕೊಡೆಂದು ಕೇಳಿದ್ದಕ್ಕೆ ಸಭಾಸದ ಅದನ್ನು 1694ರಲ್ಲಿ ಬರೆದ. ಅವನು ಶಿವಾಜಿಯ ಕಾಲವನ್ನು ಕಂಡವನು. ದಾದೋಜಿ ಹನ್ನೆರಡು ಮಾವಳಗಳನ್ನು ಹತೋಟಿಗೆ ತಂದದ್ದನ್ನು ಹೇಳಿ, ಕೆಲಕಾಲದ ಮೇಲೆ ಅವನು ಸತ್ತನೆಂದೂ, ಅಲ್ಲಿಂದ ಮುಂದೆ ರಾಜನು ತನ್ನ ಕಾರಭಾರವನ್ನು ತಾನೇ ನೋಡಿಕೊಂಡನೆಂದೂ ತಿಳಿಸಿ ಸಭಾಸದ ಮುಂದಕ್ಕೆ ಹೋಗಿಬಿಡುತ್ತಾನೆ. ಅಲ್ಲಿ ಹಾಸಿಗೆಯಿಲ್ಲ, ಕಣ್ಣೀರಿಲ್ಲ, ಕೊನೆಯ ಮಾತಿಲ್ಲ.

1826ಕ್ಕೆ ಬನ್ನಿ. ಸಾತಾರೆಯಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ಜೇಮ್ಸ್ ಗ್ರಾಂಟ್ ಡಫ್, ಅಲ್ಲಿ ಸಿಕ್ಕ ಬಖರುಗಳನ್ನೂ ಕಾಗದಗಳನ್ನೂ ಆಧರಿಸಿ ಮರಾಠರ ಇತಿಹಾಸವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಅವನ ಪುಸ್ತಕದಲ್ಲಿ ದಾದೋಜಿಯ ಸಾವು ಒಂದು ಪೂರ್ಣ ದೃಶ್ಯವಾಗಿದೆ. ಶಿಷ್ಯನ ಸಾಹಸಗಳನ್ನು ಮುದುಕ ಮೊದಲು ಒಪ್ಪುವುದಿಲ್ಲ, ತಿದ್ದಲು ನೋಡುತ್ತಾನೆ, ಬೆಂಗಳೂರಿಗೆ ದೂರು ಬರೆಯುತ್ತಾನೆ. ಚಿಂತೆ ಮತ್ತು ಮುಪ್ಪಿನಿಂದ ಹಾಸಿಗೆ ಹಿಡಿಯುತ್ತಾನೆ. ಕೊನೆಗಾಲದಲ್ಲಿ ಶಿಷ್ಯನನ್ನು ಹತ್ತಿರ ಕರೆದು, ಹಿಡಿದ ದಾರಿಯನ್ನು ಬಿಡಬೇಡ, ಸ್ವತಂತ್ರನಾಗು, ಗೋಬ್ರಾಹ್ಮಣರನ್ನೂ ರೈತರನ್ನೂ ಕಾಪಾಡು, ಗುಡಿಗಳು ಕೆಡದಂತೆ ನೋಡಿಕೋ ಎಂಬ ಅರ್ಥದ ಬುದ್ಧಿ ಹೇಳಿ, ತನ್ನ ಮನೆಯವರನ್ನು ಅವನ ಕೈಗೊಪ್ಪಿಸಿ ಕಣ್ಣು ಮುಚ್ಚುತ್ತಾನೆ.

ಒಂದು ಸಾಲು ಒಂದು ದೃಶ್ಯವಾದುದರ ನಡುವೆ ನೂರ ಮೂವತ್ತೆರಡು ವರ್ಷಗಳಿವೆ. ಬೆಳೆದ ಭಾಗ ಯಾವುದೆಂದು ಗಮನಿಸಬೇಕು. ಹೊಸದಾಗಿ ಸೇರಿದ ಸಂಗತಿಗಳು ಎರಡು: ಮುದುಕನ ವಿರೋಧ, ಮತ್ತು ಆ ವಿರೋಧ ಸಾಯುವ ಗಳಿಗೆಯಲ್ಲಿ ಆಶೀರ್ವಾದವಾಗಿ ಬದಲಾಗುವುದು. ಇದು ಅಲಂಕಾರಕ್ಕೆ ಸೇರಿದ್ದೆಂದು ನಮಗೆ ತೋರುವುದಿಲ್ಲ. ಕಥೆಗೆ ಒಂದು ಕಾನೂನಿನ ತೊಡಕಿತ್ತು. ಶಿವಾಜಿ ಬಿಜಾಪುರದ ವಿರುದ್ಧ ಎದ್ದರೆ ಸುಲ್ತಾನನ ಆಜ್ಞೆಯನ್ನು ಮುರಿದಂತೆ. ಅದನ್ನು ವೀರನ ಕಥೆ ಸುಲಭವಾಗಿ ಸಮರ್ಥಿಸುತ್ತದೆ. ಆದರೆ ಅವನು ಅದೇ ಹೆಜ್ಜೆಯಲ್ಲಿ ತಂದೆಯ ಕಾರಭಾರಿಯ ಮಾತನ್ನೂ, ಆ ಮೂಲಕ ತಂದೆಯ ಮಾತನ್ನೂ ಮೀರುತ್ತಾನೆ. ಹಿರಿಯರ ಮಾತು ಮೀರಿದ ಮಗನನ್ನು ನಮ್ಮ ಕಡೆಯ ಕೇಳುಗರು ಅಷ್ಟು ಬೇಗ ವೀರನೆಂದು ಒಪ್ಪುವುದಿಲ್ಲ. ದಾದೋಜಿ ಬದುಕಿರುವವರೆಗೆ ಶಿವಾಜಿಯ ಮುಂದೆ ಎರಡೇ ದಾರಿ: ಕಾಯುವುದು, ಇಲ್ಲವೆ ಅವಿಧೇಯನಾಗುವುದು. ಮುದುಕ ಸತ್ತರೆ ಮೂರನೆಯ ದಾರಿ ತೆರೆಯುತ್ತದೆ. ಆಶೀರ್ವದಿಸಿ ಸತ್ತರಂತೂ ದಂಗೆಯೇ ಗುರುವಾಜ್ಞೆಯ ಪಾಲನೆಯಾಗುತ್ತದೆ. ವೀರನ ಕಥೆಯಲ್ಲಿ ಹಿರಿಯ ಸಾಯುವುದು ಶಿಷ್ಯ ಒಂಟಿಯಾಗಲಿ ಎಂಬುದಕ್ಕಿಂತ, ಶಿಷ್ಯ ನಿರಪರಾಧಿಯಾಗಿ ಉಳಿಯಲಿ ಎಂಬುದಕ್ಕೇ ಹೆಚ್ಚು.

ಪತ್ರಗಳು ಈ ಅನುಕೂಲವನ್ನು ಒದಗಿಸುವುದಿಲ್ಲ. ಶಿವಾಜಿಯ ಮುದ್ರೆಯಿರುವ, ಉಳಿದು ಬಂದಿರುವ ಮೊದಲ ಪತ್ರಗಳಲ್ಲಿ ಒಂದರ ದಿನಾಂಕ 1646ರ ಜನವರಿ 28. ರಾಂಝೆ ಎಂಬ ಹಳ್ಳಿಯ ಪಾಟೀಲ ಒಬ್ಬ ಹೆಂಗಸಿನ ಮೇಲೆ ಅತ್ಯಾಚಾರ ಎಸಗಿದ್ದ. ಅವನ ಕೈಕಾಲು ಕಡಿಸಿ, ಪಾಟೀಲಕಿಯನ್ನು ಅದೇ ಮನೆತನದ ಮತ್ತೊಬ್ಬನಿಗೆ ಕೊಟ್ಟ ತೀರ್ಪು ಅದು. ಆಗ ಶಿವಾಜಿಗೆ ಹದಿನಾರು ತುಂಬಿರಲಿಲ್ಲ. ದಾದೋಜಿ ಇನ್ನೂ ಬದುಕಿದ್ದ. ತೋರಣಾ ಕೋಟೆ ಕೈಸೇರಿದ್ದೂ 1646ರಲ್ಲಿಯೇ ಎಂದು ಪರಂಪರೆ ಹೇಳುತ್ತದೆ. ಅಂದರೆ ತೀರ್ಪು ಕೊಡುವ ಅಧಿಕಾರ, ಮುದ್ರೆ, ಮೊದಲ ಕೋಟೆ ಇವೆಲ್ಲ ಗುರು ಜೀವಂತನಾಗಿದ್ದಾಗಲೇ ಶಿಷ್ಯನ ಬಳಿ ಇದ್ದವು. ಕೈಬದಲಾವಣೆ ಮೆಲ್ಲಮೆಲ್ಲನೆ, ಬಹುಶಃ ಮುದುಕನ ಕಣ್ಣೆದುರಿನಲ್ಲಿ, ಅರ್ಧ ಒಪ್ಪಿಗೆಯಿಂದಲೋ ಅರ್ಧ ಮೌನದಿಂದಲೋ ನಡೆದಿರಬೇಕು. ಕಥೆ ಹೇಳುವವನಿಗೆ ಇಂಥ ಮಬ್ಬು ಬೇಡ. ಅವನು ಗೆರೆ ಎಳೆಯಲು ಒಂದು ದಿನ ಹುಡುಕುತ್ತಾನೆ, ಸಾವಿನ ದಿನ ಅವನಿಗೆ ಸಿದ್ಧವಾಗಿ ಸಿಗುತ್ತದೆ.

ಹಾಗಾದರೆ ಆ ಸಾವು ಏನನ್ನೂ ಆರಂಭಿಸಲಿಲ್ಲವೇ? ಆರಂಭಿಸಿತು, ಪಾಠಪುಸ್ತಕ ಹೇಳುವುದು ಒಂದು, ಆದದ್ದು ಇನ್ನೊಂದು. ಸರ್ಕಾರಿ ನೌಕರಿಯಲ್ಲಿರುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬ ಅಧಿಕಾರಿ ಇದ್ದಕ್ಕಿದ್ದಂತೆ ತೀರಿಕೊಂಡಾಗ ಮೊದಲು ಏಳುವ ಪ್ರಶ್ನೆ ಶೋಕದ್ದಲ್ಲ, ಚಾರ್ಜಿನದು. ಬೀಗದ ಕೈ ಯಾರ ಬಳಿ? ಖಜಾನೆಯ ಲೆಕ್ಕ ಯಾರಿಗೆ? ಕೈಕೆಳಗಿನವರು ಇನ್ನು ಯಾರ ಸಹಿಯನ್ನು ಮನ್ನಿಸಬೇಕು?

1647ರಲ್ಲಿ ಏಳಬೇಕಾದ ಪ್ರಶ್ನೆಗಳು ಇವೇ. ಗ್ರಾಂಟ್ ಡಫ್ ಹೇಳುವಂತೆ ಶಹಾಜಿಯ ಕಡೆಯವರು ಬಾಕಿ ಕಂದಾಯವನ್ನು ಕೇಳಿಕೊಂಡು ಪುಣೆಗೆ ಬಂದರು. ಶಿವಾಜಿ ಹಣ ಕೊಡದೆ, ಇದು ಬಡ ಸೀಮೆ, ತಂದೆಯವರು ಕರ್ನಾಟಕದ ಹೆಚ್ಚು ಫಲವತ್ತಾದ ನೆಲವನ್ನೇ ನೆಚ್ಚಿಕೊಳ್ಳಬೇಕು ಎಂಬರ್ಥದ ಉತ್ತರ ಕಳುಹಿಸಿದ. ಗಂಭೀರವಾದ ಬಂಡಾಯ ಇಷ್ಟು ನಯವಾದ ಮಾತಿನಲ್ಲಿ ಶುರುವಾದದ್ದು ನಮಗೆ ಯಾವ ಕೋಟೆಯ ಕಾಳಗಕ್ಕಿಂತಲೂ ಸ್ವಾರಸ್ಯವಾಗಿ ಕಾಣುತ್ತದೆ. ಮುಂದಿನ ತೊಡಕು ಜಹಗೀರಿನ ಇಬ್ಬರು ಠಾಣೇದಾರರದು. ಚಾಕಣದ ಫಿರಂಗೋಜಿ ನರಸಾಳ ಹೊಸ ಯಜಮಾನನನ್ನು ಒಪ್ಪಿಕೊಂಡ, ಠಾಣೆಯೂ ಅವನ ಕೈಯಲ್ಲಿಯೇ ಉಳಿಯಿತು. ಸುಪೆಯಲ್ಲಿದ್ದವನು ಮೋಹಿತೆ, ಶಹಾಜಿಯ ಎರಡನೆಯ ಹೆಂಡತಿ ತುಕಾಬಾಯಿಯ ಸೋದರ. ಅವನಿಗೆ ಯಜಮಾನನೆಂದರೆ ಬೆಂಗಳೂರಿನಲ್ಲಿದ್ದ ಭಾವ. ಹೋಳಿಹಬ್ಬದ ನೆಪದಲ್ಲಿ ಹೋಗಿ ಶಿವಾಜಿ ಅವನನ್ನು ಹಿಡಿದನೆಂದು ಸಭಾಸದ ಹೇಳುತ್ತಾನೆ. ಗ್ರಾಂಟ್ ಡಫ್ ರಾತ್ರಿಯ ದಾಳಿ ಎನ್ನುತ್ತಾನೆ. ಹೇಗೇ ಆಗಲಿ, ಮೋಹಿತೆಯನ್ನು ಶಹಾಜಿಯ ಬಳಿಗೆ ಕರ್ನಾಟಕಕ್ಕೆ ಕಳುಹಿಸಿಕೊಟ್ಟರು. ಕೊನೆಗೆ ಸುಭೇದಾರನಿಲ್ಲದ ಕೋಂಡಾಣಾ. ಅಲ್ಲಿನ ಕಿಲ್ಲೇದಾರನನ್ನು ಒಲಿಸಿಕೊಂಡು ಕಾಳಗವಿಲ್ಲದೆ ಕೋಟೆ ಪಡೆದದ್ದಾಯಿತು.

ಇಲ್ಲಿಯವರೆಗೆ ಎಲ್ಲವೂ ವೀರನ ಕಥೆಯಂತೆಯೇ ಇದೆ. ಆದರೆ ದಾದೋಜಿ ಇದ್ದಷ್ಟು ದಿನ ಅವನ ಎರಡು ನಿಷ್ಠೆಗಳೇ ಒಂದು ಗೋಡೆಯಾಗಿದ್ದವು. ಹುಡುಗ ಏನೇ ಮಾಡಿದರೂ ಕೋಂಡಾಣಾದಲ್ಲಿ ನಮ್ಮ ಸುಭೇದಾರನಿದ್ದಾನೆ ಎಂದು ಬಿಜಾಪುರ ಸಮಾಧಾನಪಟ್ಟುಕೊಳ್ಳಬಹುದಿತ್ತು. ನನ್ನ ಕಾರಭಾರಿ ಇದ್ದಾನೆ ಎಂದು ಶಹಾಜಿಯೂ ಹೇಳಬಹುದಿತ್ತು. ಗೋಡೆ ಬಿದ್ದ ಮೇಲೆ ಸುಲ್ತಾನನ ಕಣ್ಣು ನೇರವಾಗಿ ತಂದೆಯ ಮೇಲೆ ಬಿತ್ತು. 1648ರ ಜುಲೈ ತಿಂಗಳಲ್ಲಿ ಜಿಂಜಿಯ ಮುತ್ತಿಗೆಯ ಪಾಳೆಯದಲ್ಲಿ ಮುಸ್ತಫಾಖಾನ್ ಶಹಾಜಿಯನ್ನು ಸೆರೆಹಿಡಿಸಿದ. ಈ ಬಂಧನಕ್ಕೆ ಬೇರೆ ಕಾರಣಗಳೂ ಇದ್ದವೆಂದು ಇತಿಹಾಸಕಾರರು ವಾದಿಸುತ್ತಾರೆ, ಶಹಾಜಿಯ ನಡೆಯಲ್ಲೇ ಬಿಜಾಪುರಕ್ಕೆ ಅನುಮಾನವಿತ್ತು. ಆದರೆ ಬಿಡುಗಡೆಗೆ ಕೇಳಿದ ಬೆಲೆ ಮಕ್ಕಳ ಮೇಲೆ ಬಿತ್ತು. 1649ರ ಮೇ ತಿಂಗಳಲ್ಲಿ ಶಹಾಜಿ ಹೊರಬಂದಾಗ ಶಿವಾಜಿ ಕೋಂಡಾಣಾವನ್ನು ಹಿಂದಿರುಗಿಸಬೇಕಾಯಿತು. ಬೆಂಗಳೂರಿನಲ್ಲಿದ್ದ ಅಣ್ಣ ಸಂಭಾಜಿ ಆ ಊರನ್ನೇ ಬಿಟ್ಟುಕೊಡಬೇಕಾಯಿತು. ಪುಣೆಯಲ್ಲೊಬ್ಬ ಮುದುಕ ಸತ್ತುದರ ಲೆಕ್ಕ ಎರಡು ವರ್ಷಗಳ ನಂತರ ಬೆಂಗಳೂರಿನಲ್ಲಿ ಚುಕ್ತಾ ಆಯಿತು. ಮರಾಠಿಯಲ್ಲಾಗಲಿ ಕನ್ನಡದಲ್ಲಾಗಲಿ ಈ ಎರಡು ಊರುಗಳನ್ನು ಒಂದೇ ವಾಕ್ಯದಲ್ಲಿ ಹೇಳುವವರು ಕಡಿಮೆ.

ಆಮೇಲಿನ ಕೆಲವು ವರ್ಷ ಶಿವಾಜಿ ಹೆಚ್ಚು ಸದ್ದು ಮಾಡದೆ ಇದ್ದ. ವೀರಕಥೆಯ ವೇಗಕ್ಕೆ ಈ ವರ್ಷಗಳು ಅಡ್ಡಿ. ಆದ್ದರಿಂದ ಅವು ಬೇಗ ಜಾರಿಹೋಗುತ್ತವೆ. ನಮ್ಮ ಕಲ್ಯಾಣ ಮತ್ತು ಭಿವಂಡಿ ಅವನ ಕೈಗೆ ಬಂದದ್ದು 1657ರ ಅಕ್ಟೋಬರಿನಲ್ಲಿ, ದಾದೋಜಿ ಸತ್ತು ಹತ್ತು ವರ್ಷಗಳ ಮೇಲೆ.

ಶಹಾಜಿಯ ಬಂಧನದಲ್ಲಿ ಕೈಯಿದ್ದವರಲ್ಲಿ ಮುಧೋಳದ ಬಾಜಿ ಘೋರ್ಪಡೆಯೂ ಒಬ್ಬ. 1664ರ ಜನವರಿಯಲ್ಲಿ ಶಹಾಜಿ ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ ಬೇಟೆಯಾಡುತ್ತ ಕುದುರೆಯಿಂದ ಬಿದ್ದು ಸತ್ತ. ಅವನ ಸಮಾಧಿ ಈಗಲೂ ಅಲ್ಲಿದೆ. ಅದೇ ವರ್ಷ ಶಿವಾಜಿ ಮುಧೋಳದ ಮೇಲೆ ಬಿದ್ದು ಬಾಜಿಯನ್ನು ಕೊಂದ.

ಮುಧೋಳವೆಂದರೆ ಕನ್ನಡಿಗರಿಗೆ ಬೇರೊಂದು ನೆನಪು. ಅದು ರನ್ನನ ಊರು. ಹಿರಿಯರ ಸಾವು ವೀರನಿಗೆ ಏನು ಮಾಡುತ್ತದೆ ಎಂಬುದನ್ನು ಅವನ ‘ಗದಾಯುದ್ಧ’ದಷ್ಟು ನಿಷ್ಠುರವಾಗಿ ನೋಡಿದ ಕಾವ್ಯ ನಮ್ಮಲ್ಲಿ ಮತ್ತೊಂದಿಲ್ಲ. ಹತ್ತನೆಯ ಶತಮಾನದ ಕೊನೆಯ ಈ ಕವಿ ಹದಿನೆಂಟು ದಿನಗಳ ಯುದ್ಧ ಮುಗಿಯುತ್ತ ಬಂದಾಗ ದುರ್ಯೋಧನನನ್ನು ಸಂಜಯನೊಡನೆ ರಣರಂಗದಲ್ಲಿ ನಡೆಸುತ್ತಾನೆ. ಅವನು ಮೊದಲು ದ್ರೋಣನ ಹೆಣದ ಮುಂದೆ ನಿಲ್ಲುತ್ತಾನೆ, ಆಮೇಲೆ ತಮ್ಮನ, ಗೆಳೆಯನ ಹೆಣಗಳ ಮುಂದೆ. ದ್ರೋಣ ಕೊನೆಯ ಮಾತು ಹೇಳಿ ಸತ್ತವನಲ್ಲ. ಮಗ ಸತ್ತನೆಂಬ ಅರ್ಧ ಸುಳ್ಳನ್ನು ನಂಬಿ ಆಯುಧವಿಟ್ಟವನ ತಲೆಯನ್ನು ಶಿಷ್ಯರ ಪಕ್ಷದವನೇ ಕಡಿದ. ಅಲ್ಲಿ ಆಶೀರ್ವಾದವಿಲ್ಲ; ಆದ್ದರಿಂದ ಯಾರಿಗೂ ಬಿಡುಗಡೆಯಿಲ್ಲ. ಗೆದ್ದ ಅರ್ಜುನನಿಗೆ ಆ ಸಾವು ಕಳಂಕವಾಯಿತು. ಸೋತವರ ಕಡೆಯ ಅಶ್ವತ್ಥಾಮನಿಗೆ ರಾತ್ರಿಯ ಕೊಲೆಗಳ ನೆಪವಾಯಿತು. ಗುರು ಒಪ್ಪದೆ ಸತ್ತರೆ ಸಾವಿನಿಂದ ಹೊರಡುವುದು ವೀರಯಾತ್ರೆಯಲ್ಲ, ಸೇಡು.

ರನ್ನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ದುರ್ಯೋಧನ ಶರಶಯ್ಯೆಯ ಭೀಷ್ಮನ ಬಳಿಗೆ ಬರುತ್ತಾನೆ. ಇಲ್ಲಿ ಹಿರಿಯ ಇನ್ನೂ ಸತ್ತಿಲ್ಲ. ಸಾಯುತ್ತಲೇ ಸಂಧಿ ಮಾಡಿಕೋ ಎನ್ನುತ್ತಾನೆ. ಮೊಮ್ಮಗ ಕೇಳುವುದಿಲ್ಲ. ಆಗ ಅಜ್ಜ ತನ್ನ ಮಾತನ್ನು ಬಿಟ್ಟು, ಬಲರಾಮ ಮೊದಲಾದವರು ಬರುವವರೆಗೆ ವೈಶಂಪಾಯನ ಸರೋವರದಲ್ಲಿ ಅಡಗಿರು ಎಂದು ಜಲಮಂತ್ರ ಹೇಳಿಕೊಡುತ್ತಾನೆ. ಮರಣಶಯ್ಯೆಯ ಮೇಲೆ ಹಿರಿಯ ಕಿರಿಯನ ಹಟಕ್ಕೆ ಮಣಿಯುವ ಈ ದೃಶ್ಯ ಗ್ರಾಂಟ್ ಡಫ್‌ನ ದೃಶ್ಯದ ಹತ್ತಿರದ ಸಂಬಂಧಿಯೇ. ಒಂದರಲ್ಲಿ ಮಣಿದುದರ ಫಲ ರಾಜ್ಯವೆಂದು ಕೇಳುಗರಿಗೆ ಮೊದಲೇ ಗೊತ್ತು. ಇನ್ನೊಂದರಲ್ಲಿ ಫಲ ತೊಡೆಮುರಿತವೆಂದು ಗೊತ್ತು. ಅದಕ್ಕೆ ತಕ್ಕಂತೆ ಒಂದನ್ನು ಗುರುವಿನ ದೂರದೃಷ್ಟಿಯೆಂದೂ ಇನ್ನೊಂದನ್ನು ಅಜ್ಜನ ಅಸಹಾಯಕತೆಯೆಂದೂ ಓದುತ್ತೇವೆ. ಸಾಯುವ ಹಿರಿಯನ ಮಾತಿಗೆ ಅರ್ಥ ಕೊಡುವವನು ಅವನಲ್ಲ, ಬದುಕಿ ಉಳಿದವನ ಗೆಲುವು.

ಇಂಗ್ಲಿಷ್ ಓದಿದವರಿಗೆ ಇಲ್ಲಿ ಮರ್ಲಿನ್ ನೆನಪಾಗಬಹುದು. ಮ್ಯಾಲರಿಯ ಕಥನದಲ್ಲಿ ಆರ್ಥರನ ಆ ಹಿರಿಯ ಸಾಯುವುದೂ ಇಲ್ಲ. ಒಬ್ಬ ಹೆಣ್ಣಿನ ಮೋಹಕ್ಕೆ ಬಿದ್ದು ಬಂಡೆಯಡಿಯಲ್ಲಿ ಶಾಶ್ವತವಾಗಿ ಸಿಕ್ಕಿಬೀಳುತ್ತಾನೆ. ಆರ್ಥರನ ಆಳ್ವಿಕೆಯ ಮೊದಲಲ್ಲೇ ಹೀಗಾಗುತ್ತದೆ. ಮುಂದೆ ಬರಲಿರುವ ಕೇಡನ್ನೆಲ್ಲ ಬಲ್ಲವನು ಆಸ್ಥಾನದಲ್ಲಿ ಕುಳಿತಿದ್ದರೆ ಕಥೆ ಮುಂದೆ ಸಾಗುವುದೆಂತು? ಇದು ಕಥೆಗಾರನ ಅನುಕೂಲವಷ್ಟೆ. ನಮ್ಮ ದಾದೋಜಿಯ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು.

ಏಕೆಂದರೆ ಶಿವಾಜಿಯ ಬದುಕಿನಲ್ಲಿ ಸಾಯದೆ ಉಳಿದ ಹಿರಿಯಳೂ ಒಬ್ಬಳಿದ್ದಳು. ಜೀಜಾಬಾಯಿ ದಾದೋಜಿಯ ನಂತರ ಇಪ್ಪತ್ತೇಳು ವರ್ಷ ಬದುಕಿದಳು. 1666ರಲ್ಲಿ ಮಗ ಆಗ್ರಾಕ್ಕೆ ಹೋದಾಗ ರಾಜ್ಯದ ಹೊಣೆಯಲ್ಲಿ ಅವಳೂ ಇದ್ದಳು. 1674ರ ಜೂನ್ 6ರಂದು ರಾಯಗಡದಲ್ಲಿ ಪಟ್ಟಾಭಿಷೇಕ ಕಂಡು, ಅದೇ ತಿಂಗಳ 17ರಂದು ಬೆಟ್ಟದ ಬುಡದ ಪಾಚಾಡದಲ್ಲಿ ತೀರಿಕೊಂಡಳು. ವೀರನಿಗೆ ದಾರಿ ತೋರಿಸಲು ಹಿರಿಯರು ಸಾಯಲೇಬೇಕೆಂಬ ಕಟ್ಟಳೆಯೇನೂ ಇಲ್ಲವೆಂದು ಇವಳ ಬದುಕು ಹೇಳುತ್ತದೆ. ಅವಳ ನಿಷ್ಠೆ ಒಂದೇ ಆಗಿತ್ತು, ಬಿಜಾಪುರಕ್ಕೆ ಅವಳು ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ. ಆದ್ದರಿಂದ ಅವಳನ್ನು ಅರ್ಧದಾರಿಯಲ್ಲಿ ಕಳುಹಿಸಿಕೊಡುವ ಅಗತ್ಯ ಕಥೆಗೆ ಬೀಳಲಿಲ್ಲ.

ದಾದೋಜಿಯ ಎರಡು ನಿಷ್ಠೆಗಳ ತೊಡಕು ಅವನ ಸಾವಿನೊಂದಿಗೆ ಮುಗಿಯಲಿಲ್ಲ. ಅವನು ಶಿವಾಜಿಯ ಗುರುವೇ, ಬರಿಯ ನೌಕರನೇ ಎಂಬ ವಾದ ನಮ್ಮ ಕಾಲದಲ್ಲಿ ಜಾತಿಯ ಬಿಸಿಯನ್ನೂ ಹಚ್ಚಿಕೊಂಡು ಬೀದಿಗೆ ಬಂತು. ಪುಣೆಯ ಲಾಲ್ ಮಹಲಿನಲ್ಲಿ ಚಿನ್ನದ ನೇಗಿಲು ಹಿಡಿದ ಬಾಲ ಶಿವಾಜಿ, ಜೀಜಾಬಾಯಿ ಮತ್ತು ದಾದೋಜಿ ಒಟ್ಟಿಗಿದ್ದ ಪ್ರತಿಮೆಗಳ ಗುಂಪಿತ್ತು. 2010ರ ಡಿಸೆಂಬರಿನಲ್ಲಿ ಪುಣೆ ಮಹಾನಗರಪಾಲಿಕೆ ಅದರಿಂದ ದಾದೋಜಿಯ ಪ್ರತಿಮೆಯನ್ನು ತೆಗೆಸಿತು. ಗುರುವೆಂಬುದಕ್ಕೆ ಸಮಕಾಲೀನ ಆಧಾರ ತೆಳುವೆಂಬ ಮಾತನ್ನು ನಾವೂ ಒಪ್ಪುತ್ತೇವೆ. ಸುಭೇದಾರನೆಂಬುದಕ್ಕೆ, ಬೀಳುಬಿದ್ದ ಪುಣೆಯನ್ನು ಮತ್ತೆ ಉಳುಮೆಗೆ ತಂದವನೆಂಬುದಕ್ಕೆ ಆಧಾರ ಗಟ್ಟಿಯಾಗಿದೆ. ಠಾಣೆಯ ಕ್ರೀಡಾಂಗಣದ ಮೇಲೆ ಅವನ ಹೆಸರು ಹಾಗೆಯೇ ಇದೆ.